‘ಜೀರ್ಣೋದ್ಧಾರ’ವೆಂಬ ಪದವೂ ದೇವರಾಜ ಮಾರುಕಟ್ಟೆಯೂ

ನಮ್ಮ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಗುಚ್ಛ ಮತ್ತೆ ಮತ್ತೆ ಬರುತ್ತದೆ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಟ್ಟವರು ಪೂಜೆ, ಆಹಾರದಾನಗಳ ಜೊತೆಗೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚವನ್ನು ಕೂಡ ಮೊದಲೇ ಗೊತ್ತುಪಡಿಸುತ್ತಿದ್ದರು. ಅಲ್ಲಿ ಉದ್ಧಾರವೆಂದರೆ ಕೆಟ್ಟ ಭಾಗದ ದುರಸ್ತಿ. ಇಂದು ಇಡೀ ಕಟ್ಟಡವನ್ನು ಕೆಡವಿ ಅದೇ ರೂಪದಲ್ಲಿ ಕಟ್ಟುವುದಕ್ಕೂ ಅದೇ ಪದವನ್ನು ಬಳಸುತ್ತಿದ್ದೇವೆ.

ಮೈಸೂರಿನ ದೇವರಾಜ ಮಾರುಕಟ್ಟೆಯ ವಿವಾದವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2016ರ ಆಗಸ್ಟ್‌ನಲ್ಲಿ, ನವೀಕರಣ ಕಾಮಗಾರಿ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿಯಿತು. ಕಟ್ಟಡ ಶಿಥಿಲವಾಗಿದೆ, ಕೆಡವಿ ಕಟ್ಟುವುದೇ ದಾರಿ ಎಂಬುದು ಆಡಳಿತದ ನಿಲುವಾಯಿತು. ಉಳಿದ ಭಾಗವನ್ನು ದುರಸ್ತಿಯಿಂದಲೇ ಉಳಿಸಿಕೊಳ್ಳಬಹುದೆಂದು ಪರಂಪರೆಯ ತಜ್ಞರು ವಾದಿಸಿದರು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಇಂತಹ ಸಂದರ್ಭದಲ್ಲಿ ಎರಡೂ ಕಡೆಯವರ ಹೇಳಿಕೆಗಳನ್ನು ಅಕ್ಕಪಕ್ಕ ಅಚ್ಚಿಸುವುದನ್ನೇ ವರದಿಗಾರರು ಸಮತೋಲನವೆಂದು ಭಾವಿಸುತ್ತಾರೆ. ಅದು ತೂಗುವ ಕೆಲಸವಲ್ಲ. ‘ವಯಸ್ಸಾಗಿತ್ತು, ಬಿತ್ತು’ ಎಂಬುದು ಕಾರಣವಾಗದು. ವಯಸ್ಸು ಕಟ್ಟಡದ ಎಲ್ಲ ಭಾಗಗಳಿಗೂ ಒಂದೇ, ಬಿದ್ದದ್ದು ಒಂದು ಭಾಗ ಮಾತ್ರ. ಹಿಂದಿನ ವಾರ ಅಲ್ಲಿ ಯಾವ ಕೆಲಸ ನಡೆಯಿತು, ಚಾವಣಿಗೆ ಆಸರೆ ಕೊಟ್ಟಿದ್ದರೇ, ಯಾವ ಗಾರೆ ಬಳಸಿದರು ಎಂಬುದನ್ನು ಗುತ್ತಿಗೆದಾರನ ಬಾಯಿಮಾತಿನಿಂದಲ್ಲ, ಇಲಾಖೆಯ ಅಳತೆ ಪುಸ್ತಕದಿಂದ ತಿಳಿಯಬೇಕು.

ಗೋಡೆಯೂ ಸಾಕ್ಷಿ ನುಡಿಯುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ಉಳಿಯುತ್ತದೆ. ಗಿಲಾವು ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಇಟ್ಟಿಗೆಯ ಮುಖ ಉದುರಿ ಸಿಮೆಂಟಿನ ಸಂದು ಮಾತ್ರ ಉಬ್ಬಿ ನಿಂತಿದ್ದರೆ, ದೋಷವನ್ನು ಮೂಲ ಕಟ್ಟಡದಲ್ಲಿ ಹುಡುಕುವ ಮೊದಲು ಆಮೇಲಿನ ದುರಸ್ತಿಯಲ್ಲಿ ಹುಡುಕಬೇಕು. ಬಿರುಕಿಗೆ ಅಡ್ಡಲಾಗಿ ದಿನಾಂಕ ಬರೆದ ಗಾಜಿನ ಪಟ್ಟಿಯನ್ನು ಅಂಟಿಸಿ ಒಂದು ಮಳೆಗಾಲ ಕಾಯುವುದು ಹಳೆಯ ವಿಧಾನ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆಯೆಂದು ತಿಳಿಯಬೇಕು.

ತಜ್ಞರನ್ನೂ ಪ್ರಶ್ನಿಸಲೇಬೇಕು. 2012ರಲ್ಲಿ ಅದೇ ನಗರದ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿ ಕುಸಿದು ನಾಲ್ವರು ಮಡಿದರು. ಎಷ್ಟು ಕಡೆ ಮಾದರಿ ತೆಗೆದಿರಿ, ದುರಸ್ತಿ ಮುಗಿಯುವವರೆಗೆ ವ್ಯಾಪಾರಿಗಳ ತಲೆಯ ಮೇಲಿನ ಚಾವಣಿಗೆ ಆಸರೆಯೇನು ಎಂಬುದಕ್ಕೆ ಉತ್ತರಿಸದ ತಜ್ಞಾಭಿಪ್ರಾಯ ಅಪೂರ್ಣ. ಆದರೆ ತೂಕದ ಹೊರೆ ಇಬ್ಬರಿಗೂ ಸಮನಲ್ಲ. ಉಳಿಸಿದವರ ನಿರ್ಣಯ ತಪ್ಪಾದರೆ ಆಸರೆ ಕೊಟ್ಟು ಮತ್ತೆ ಪರೀಕ್ಷಿಸಬಹುದು. ಕೆಡವಿದವರ ನಿರ್ಣಯ ತಪ್ಪಾದರೆ ಪರೀಕ್ಷಿಸಲು ಗೋಡೆಯೇ ಇರುವುದಿಲ್ಲ. ಆದುದರಿಂದ ಹೆಚ್ಚಿನ ಪುರಾವೆಯನ್ನು ಕೆಡವುವವರಿಂದಲೇ ಕೇಳುವುದು ನ್ಯಾಯ.