ಕೆಂಪು ಗೆರೆಯ ಆಚೆ

ಹೊಸದಾಗಿ ಕಾರು ಕೊಂಡ ಗೃಹಸ್ಥರು ಮೊದಲ ಕೆಲವು ವಾರ ತಮ್ಮೆದುರಿನ ಮಾಪಕಗಳಲ್ಲಿ ಒಂದನ್ನೇ ನೋಡುತ್ತಾರೆ, ಅದು ಸ್ಪೀಡಾಮೀಟರು. ಪಕ್ಕದಲ್ಲಿ ಇನ್ನೊಂದು ಮುಳ್ಳು ಏರುತ್ತ ಇಳಿಯುತ್ತ ಇರುವುದು ಅವರಿಗೆ ಅಲಂಕಾರವಾಗಿಯೇ ತೋರುತ್ತದೆ. ವಾಸ್ತವವಾಗಿ ದೊಡ್ಡ ಖರ್ಚನ್ನು ತಪ್ಪಿಸಬಲ್ಲದ್ದು ಆ ಎರಡನೆಯ ಮುಳ್ಳೇ.

ಸ್ಪೀಡಾಮೀಟರು ಚಕ್ರದ ಸುತ್ತುಗಳಿಂದ ವೇಗವನ್ನು ಲೆಕ್ಕಹಾಕುತ್ತದೆ. ಟೈರು ಸವೆದು ಸುತ್ತಳತೆ ಕುಗ್ಗಿದಂತೆ ಲೆಕ್ಕವೂ ತುಸು ಬದಲಾಗುವುದರಿಂದ, ತಯಾರಕರು ಅದನ್ನು ಬೇಕೆಂದೇ ಸ್ವಲ್ಪ ಹೆಚ್ಚು ತೋರಿಸುವಂತೆ ಮಾಡಿರುತ್ತಾರೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದರ ಕಟ್ಟಳೆ. ಮೊಬೈಲಿನ ನಕ್ಷೆ 96 ಎಂದಾಗ ಮುಳ್ಳು 100ರ ಮೇಲಿದ್ದರೆ ಮೀಟರು ಕೆಟ್ಟಿದೆಯೆಂದು ಗಾಬರಿಪಡಬೇಕಾಗಿಲ್ಲ.

ಎರಡನೆಯದು ಟ್ಯಾಕೋಮೀಟರು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂಬುದನ್ನು ಇದು ಹೇಳುತ್ತದೆ. ಮುಖದ ಮೇಲೆ 1ರಿಂದ 7 ಅಥವಾ 8ರವರೆಗಿನ ಅಂಕೆಗಳೂ x1000 ಎಂಬ ಗುರುತೂ ಇರುತ್ತವೆ. ಮುಳ್ಳು 3ರ ಮೇಲಿದ್ದರೆ ಮೂರು ಸಾವಿರ ಸುತ್ತು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸುಮಾರು 6,000ದ ಆಚೆ ಕೆಂಪು ಬಳಿದಿರುತ್ತದೆ. ಡೀಸೆಲ್ ಕಾರುಗಳಲ್ಲಿ ಕೆಂಪು ಇನ್ನೂ ಮೊದಲೇ ಆರಂಭವಾಗುತ್ತದೆ.

ಆ ಗೆರೆಯನ್ನು ಎಳೆದಿರುವುದಕ್ಕೆ ಕಾರಣವುಂಟು. ಸುತ್ತು ಎರಡು ಪಟ್ಟಾದರೆ ಪಿಸ್ಟನ್ನನ್ನು ಹಿಡಿದಿರುವ ಕಡ್ಡಿಯ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಮೇಲಿನ ವಾಲ್ವುಗಳನ್ನು ಮುಚ್ಚುವ ಸ್ಪ್ರಿಂಗಿಗೂ ಒಂದು ಮಿತಿಯಿದೆ; ಅದನ್ನು ಮೀರಿದಾಗ ವಾಲ್ವು ಸಕಾಲದಲ್ಲಿ ಮುಚ್ಚದೆ, ಮೇಲೇರುವ ಪಿಸ್ಟನ್ನಿಗೆ ಬಡಿದು ಬಾಗುವ ಸಂಭವವಿರುತ್ತದೆ.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಕೆಂಪಿನ ಹತ್ತಿರ ಇಂಧನ ತಾನಾಗಿಯೇ ನಿಲ್ಲುತ್ತದೆ. ಹಾಗಾದರೆ ಭಯವೇಕೆ ಎಂದು ಕೇಳಬಹುದು. ಭಯವಿರುವುದು ಆಕ್ಸಿಲರೇಟರಿನಲ್ಲಲ್ಲ, ಗೇರಿನಲ್ಲಿ.

ಒಬ್ಬ ಹೊಸ ಮಾಲೀಕರು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊರಟಿದ್ದಾರೆಂದು ಭಾವಿಸೋಣ. ಒಂದು ಲಾರಿಯನ್ನು ದಾಟಲು ಮೂರನೆಯ ಗೇರಿಗೆ ಇಳಿಸಿ 100 ಕಿಲೋಮೀಟರ್ ವೇಗಕ್ಕೆ ಬಂದಿದ್ದಾರೆ. ಎಂಜಿನ್ನು ಸುಮಾರು 4,500 ಸುತ್ತಿನಲ್ಲಿದೆ. ಅದರಿಂದ ಏನೂ ತೊಂದರೆಯಿಲ್ಲ. ಇನ್ನು ನಾಲ್ಕಕ್ಕೆ ಹಾಕಬೇಕು. ಆತುರದಲ್ಲಿ ಕೋಲನ್ನು ಬಿಗಿಹಿಡಿದು ತಮ್ಮಿಂದ ಆಚೆಗೆ, ಎಂದರೆ ಎಡ ಮಗ್ಗುಲಿಗೆ ಒತ್ತಿ ಹಿಂದಕ್ಕೆ ಜಗ್ಗಿದರೆ, ಅದು ನಾಲ್ಕರ ಮನೆಗೆ ಹೋಗದೆ ಪಕ್ಕದ ಎರಡರ ಮನೆಗೆ ಬೀಳಬಹುದು. ಎರಡನೆಯ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು, ಎಂದರೆ 6,700 ಸುತ್ತು ತಿರುಗಬೇಕು. ಕ್ಲಚ್ಚು ಬಿಟ್ಟೊಡನೆ ಚಕ್ರಗಳೇ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತವೆ. ಇಂಧನ ನಿಂತರೂ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ತಿರುಗಿಸುತ್ತಿರುವುದು ಇಂಧನವಲ್ಲ.

ಇದನ್ನು ತಪ್ಪಿಸುವ ಉಪಾಯ ಬಹಳ ಸರಳ. ಮೂರರಿಂದ ನಾಲ್ಕಕ್ಕೆ ಬರುವಾಗ ಕೋಲನ್ನು ಮುಷ್ಟಿಯಲ್ಲಿ ಹಿಡಿಯದೆ, ಬೆರಳು ಸಡಿಲಬಿಟ್ಟು ನೇರವಾಗಿ ಹಿಂದಕ್ಕೆ ಸರಿಸಬೇಕು. ಒಳಗಿನ ಸ್ಪ್ರಿಂಗು ಅದನ್ನು ನಡುದಾರಿಯಲ್ಲಿಯೇ ಉಳಿಸುತ್ತದೆ. ಕ್ಲಚ್ಚನ್ನು ಬಿಡುತ್ತಿರುವಾಗ ಮುಳ್ಳು ಇಳಿಯುವ ಬದಲು ಮೇಲಕ್ಕೆ ಚಿಮ್ಮಿದರೆ ತಡಮಾಡದೆ ಮತ್ತೆ ಕ್ಲಚ್ಚೊತ್ತಬೇಕು. ಆಮೇಲೆ ಎಂಜಿನ್ನು ನಡುಗಿದರೆ ಅಥವಾ ಟಕಟಕ ಸದ್ದು ಕೇಳಿಸಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಿಬಿಡುವುದು ಲೇಸು. ಊರು ತಲುಪಿದರಾಯಿತೆಂದು ಓಡಿಸಿದರೆ ಸಣ್ಣ ದುರಸ್ತಿ ದೊಡ್ಡದಾಗುತ್ತದೆ.

ಎರಡು ಮುಳ್ಳುಗಳನ್ನು ಒಟ್ಟಿಗೆ ನೋಡುವ ಅಭ್ಯಾಸವಿದ್ದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಮ್ಯಾನ್ಯುಯಲ್ ಗೇರಿನ ಕಾರು ಏರಿನಲ್ಲಿ ಹೋಗುವಾಗ ಸುತ್ತು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದೇ ತಿಳಿಯಬೇಕು.

ಮೂರನೆಯದಾದ ಟ್ರಿಪ್ ಮೀಟರು ಮನೆಯ ಲೆಕ್ಕದ ಪುಸ್ತಕಕ್ಕೆ ಸೇರಿದ್ದು. ಒಟ್ಟು ಓಡಿದ ದೂರವನ್ನು ಹೇಳುವ ಓಡೋಮೀಟರನ್ನು ಅಳಿಸಲಾಗದು. ಇದನ್ನಾದರೋ ಗುಂಡಿ ಒತ್ತಿಹಿಡಿದು ಸೊನ್ನೆಗೆ ತರಬಹುದು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿ, ನಳಿಕೆ ಮೊದಲ ಸಲ ತಾನಾಗಿ ನಿಂತಾಗ ಸಾಕೆಂದು ಹೇಳಿ, A ಎಂಬುದನ್ನು ಸೊನ್ನೆ ಮಾಡಬೇಕು. ಮುಂದಿನ ಸಲವೂ ಹಾಗೆಯೇ ತುಂಬಿಸಬೇಕು. ಆಗ ಮೀಟರು 414 ಕಿಲೋಮೀಟರ್ ತೋರಿಸಿ, 23 ಲೀಟರ್ ಹಿಡಿಸಿದ್ದರೆ, ಲೀಟರಿಗೆ 18 ಕಿಲೋಮೀಟರ್ ಎಂದಾಯಿತು. ಐನೂರು ರೂಪಾಯಿಗೆಂದು ಹಾಕಿಸಿದರೆ ಈ ಲೆಕ್ಕ ಸಿಗದು, ಏಕೆಂದರೆ ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತೆಂಬುದು ಯಾರಿಗೂ ತಿಳಿಯದು. ನಳಿಕೆ ನಿಂತ ಮೇಲೂ ಮೊತ್ತ ಸರಿಮಾಡಲು ಇನ್ನಷ್ಟು ಹಾಕಿಸುವ ರೂಢಿಯಿದೆ. ಅದರಿಂದ ಲೆಕ್ಕವೂ ಕೆಡುತ್ತದೆ, ಆವಿಯನ್ನು ಹಿಡಿದಿಡುವ ಡಬ್ಬಿಗೆ ಪೆಟ್ರೋಲೂ ನುಗ್ಗುತ್ತದೆ. ಮೂರು ನಾಲ್ಕು ಸಲದ ಸರಾಸರಿ 18 ಇದ್ದದ್ದು ಅದೇ ದಾರಿಯಲ್ಲಿ 15ಕ್ಕೆ ಇಳಿದರೆ, ಮೊದಲು ಟೈರಿನ ಗಾಳಿಯನ್ನೂ, ಆಮೇಲೆ ಬ್ರೇಕು ಚಕ್ರವನ್ನು ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಿಸಬೇಕು.