ಟೀವಿಗೆ ಮುಂಚೆ ಟೇಪು
ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಮನೆಗಳಲ್ಲಿ ಹಬ್ಬ ಬಂದ್ರೆ '55 ಇಂಚೇ ತರೋಣ' ಅನ್ನೋ ಮಾತು ಶುರು. ಸೈಜ್ ಕೇಳೋದು ಇಂಜಿನಿಯರಿಂಗ್ ಓದ್ತಿರೋ ನಮ್ಮನ್ನೇ. ನಾವು ಹೇಳೋದಿಷ್ಟು: ಗೋಡೆಯಿಂದ ಗೋಡೆಗಲ್ಲ, ಕಣ್ಣಿಂದ ಪರದೆಗೆ ಅಳೀರಿ.

ಹತ್ತಡಿ ಹಾಲ್‌ನಲ್ಲಿ ಸೋಫಾ ಎರಡಡಿ, ಸ್ಟ್ಯಾಂಡ್ ಒಂದಡಿ ತಿಂದ್ರೆ ಉಳಿಯೋದು 84 ಇಂಚು. ಪರದೆ ಕಣ್ಣಿಗೆ 30 ಡಿಗ್ರಿಯಷ್ಟು ಕಾಣಬೇಕಾದ್ರೆ ಅದನ್ನ 1.6ರಿಂದ ಭಾಗಿಸಿ; ಸುಮಾರು 52. ಎಚ್‌ಡಿ ನೋಡೋರಿಗೆ 50 ಸರಿ. ಆದ್ರೆ ಅಜ್ಜಿ ದಿನಾ ನೋಡೋದು ಎಸ್‌ಡಿ ಕೇಬಲ್ ಧಾರಾವಾಹಿ. ಅದರ 576 ಗೆರೆಗಳನ್ನ 55 ಇಂಚಿಗೆ ಹಿಗ್ಗಿಸಿದ್ರೆ ಮುಖಗಳೆಲ್ಲ ಮಸುಕು. ಅಲ್ಲಿಗೆ 43 ಸಾಕು.

ಶೋರೂಮ್ ದೊಡ್ಡದು, ಅಲ್ಲಿ ಎಲ್ಲ ಟೀವಿಯೂ ಚಿಕ್ಕದಾಗೇ ಕಾಣುತ್ತೆ. ಹೊರಡೋ ಮುಂಚೆ ಮನೆ ಗೋಡೆಗೆ ಹಳೇ ಪೇಪರ್ ಅಂಟಿಸಿ ನೋಡಿ: 43ಕ್ಕೆ ಅಗಲ 37.5 ಇಂಚು, 55ಕ್ಕೆ 48.