ಪ್ರಿಂಟ್ ಕಪ್ಪಗೆ ಬಂತಾ? ಮೊದಲು ಸ್ಕ್ರೀನ್ ನೋಡಿ

ಹಂಪಿಗೆ ಹೋಗಿ ತೆಗೆದ ಫೋಟೋ ಲ್ಯಾಪ್‌ಟಾಪ್‌ನಲ್ಲಿ ಫಳಫಳ ಅಂತಿರುತ್ತೆ, ಪ್ರಿಂಟ್ ಹಾಕಿಸಿದರೆ ಕಪ್ಪಗೆ. ಆಗ ನಾವು ಬೈಯೋದು ಪ್ರಿಂಟ್ ಅಂಗಡಿಯವರನ್ನ. ನನ್ನ ಪ್ರಕಾರ ಮೊದಲು ಅನುಮಾನ ಪಡಬೇಕಾದ್ದು ನಮ್ಮ ಸ್ಕ್ರೀನ್ ಮೇಲೆ, ಅದರಲ್ಲೂ ಬಣ್ಣಕ್ಕಿಂತ ಮೊದಲು ಬ್ರೈಟ್‌ನೆಸ್ ಮೇಲೆ.

ವಿಜಯ ವಿಠ್ಠಲ ದೇವಸ್ಥಾನದ ಮಂಟಪವನ್ನೇ ತಗೊಳ್ಳಿ. ಹೊರಗೆ ರಣಬಿಸಿಲು, ಒಳಗೆ ಕಂಬಗಳ ಮೇಲೆ ನೆರಳು. ಸ್ಕ್ರೀನ್ 300 ನಿಟ್ಸ್ ಬೆಳಕಿನಲ್ಲಿದ್ದರೆ ನೆರಳಿನ ಕೆತ್ತನೆ ಚೆನ್ನಾಗೇ ಕಾಣುತ್ತೆ, ಹಾಗಾಗಿ ನಾವು ಶ್ಯಾಡೋ ಎತ್ತೋದೇ ಇಲ್ಲ. ಆದರೆ ಕಾಗದಕ್ಕೆ ಸ್ವಂತ ಬೆಳಕಿಲ್ಲ. ಪ್ರಿಂಟ್‌ಗಾಗಿ ಎಡಿಟ್ ಮಾಡೋರು ಸಾಮಾನ್ಯವಾಗಿ ಸ್ಕ್ರೀನನ್ನು 80ರಿಂದ 120 ನಿಟ್ಸ್ ಒಳಗೆ ಇಡುತ್ತಾರೆ. 300 ಅಂದರೆ 100ರ ಮೂರು ಪಟ್ಟು, ಕ್ಯಾಮೆರಾ ಲೆಕ್ಕದಲ್ಲಿ ಸುಮಾರು ಒಂದೂವರೆ ಸ್ಟಾಪ್. ಕೆತ್ತನೆ ಪ್ರಿಂಟ್‌ನಲ್ಲಿ ಮುಳುಗೋದು ಇದಕ್ಕೇ.

ಇದನ್ನ ಸರಿಮಾಡೋಕೆ ಖರ್ಚಿಲ್ಲ. ಸ್ಕ್ರೀನ್ ಅರ್ಧ ಗಂಟೆ ಆನ್ ಇರಲಿ. ನೈಟ್ ಲೈಟ್, ಆಟೋ ಬ್ರೈಟ್‌ನೆಸ್, ವಿವಿಡ್ ಮೋಡ್ ಎಲ್ಲ ಆಫ್ ಮಾಡಿ. ಕಿಟಕಿ ಬಿಸಿಲು ಬೇಡ, ಪ್ರಿಂಟ್ ನೋಡುವಷ್ಟು ಟ್ಯೂಬ್‌ಲೈಟ್ ಬೆಳಕು ಸಾಕು. ಸ್ಕ್ರೀನ್ ಮೇಲೆ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಹಿಡಿದು, ಎರಡೂ ಒಂದೇ ಬೆಳಕಿನವು ಅನ್ನಿಸುವ ತನಕ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಎಡಿಟ್ ಮಾಡಿ.

ಬಣ್ಣದ ವಿಷಯ ಹಾಗಲ್ಲ. ಸ್ವಲ್ಪ ನೀಲಿ ತಿರುಗಿದ ಬಿಳಿಗೂ ಕಣ್ಣು ಐದು ನಿಮಿಷದಲ್ಲಿ ಹೊಂದಿಕೊಂಡುಬಿಡುತ್ತೆ. ಪ್ರಿಂಟ್‌ನಲ್ಲಿ ಬಿಳಿ ಪಂಚೆಗೂ ಹಳದಿ ಛಾಯೆ ಬಂದಿದ್ದರೆ ಅಂಥ ಸ್ಕ್ರೀನ್ ನಂಬಿ ಎಡಿಟ್ ಮಾಡಿರಬಹುದು. ಇಲ್ಲಿ ಅಳೆಯೋಕೆ ಕಲರಿಮೀಟರ್ ಬೇಕು. ಅದನ್ನ ಸ್ಕ್ರೀನ್ ಮೇಲೆ ಇಳಿಬಿಟ್ಟು, ಡಿಸ್ಪ್ಲೇಕ್ಯಾಲ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಬಿಳಿ 6500 ಕೆಲ್ವಿನ್, ಗಾಮಾ 2.2, ಬೆಳಕು 100 ನಿಟ್ಸ್ ಅಂತ ಕೊಟ್ಟರೆ, ಅದು ಒಂದೊಂದೇ ಬಣ್ಣ ತೋರಿಸಿ ಅಳೆದು ಆ ಸ್ಕ್ರೀನಿಗೊಂದು ಐಸಿಸಿ ಪ್ರೊಫೈಲ್ ಮಾಡಿಕೊಡುತ್ತೆ. ಆಮೇಲೆ ಬ್ರೈಟ್‌ನೆಸ್ ಮುಟ್ಟಿದರೆ ಆ ಅಳತೆ ಕೆಟ್ಟಂತೆ.

ಆದರೆ ಸ್ಕ್ರೀನ್‌ನಲ್ಲಿ ಇಲ್ಲದ ಬಣ್ಣವನ್ನ ಕಲರಿಮೀಟರೂ ತರೋಕಾಗಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಸ್ಪೆಕ್ ಶೀಟ್‌ನಲ್ಲಿ '45% NTSC' ಅಂತ ಇರುತ್ತೆ. ಅಂಥದರಲ್ಲಿ ಸಂಡೂರಿನ ಕೆಂಪು ಮಣ್ಣು ಪೇಲವವಾಗಿ ಕಾಣುತ್ತೆ. ನಾವು ಸ್ಯಾಚುರೇಶನ್ ಏರಿಸುತ್ತೀವಿ, ಪ್ರಿಂಟ್‌ನಲ್ಲಿ ಮಣ್ಣು ಕುಂಕುಮದ ಹಾಗೆ ಬರುತ್ತೆ. ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಮಾನಿಟರ್ ಸಿಗುವವರೆಗೂ ಅಲ್ಲಿ ಸ್ಯಾಚುರೇಶನ್ ಮುಟ್ಟದಿರೋದೇ ವಾಸಿ.

ಹಾಗಾಗಿ ಪ್ರತಿಯೊಬ್ಬರೂ ಕಲರಿಮೀಟರ್ ಕೊಳ್ಳಬೇಕು ಅಂತ ನಾನು ಹೇಳಲ್ಲ. ಕಾಲೇಜಿಗೆ ಒಂದು ಕಲರಿಮೀಟರ್, ಲ್ಯಾಬ್‌ನಲ್ಲಿ ಒಂದು ಒಳ್ಳೆ ಮಾನಿಟರ್, ತಿಂಗಳಿಗೊಮ್ಮೆ ಅಳತೆ: ವಾರ್ಷಿಕ ಸಂಚಿಕೆಯ ಫೋಟೋಗಳೆಲ್ಲ ಅಲ್ಲೇ ಕೊನೇ ಸಲ ನೋಡಿ ಹೋಗಲಿ. ದೊಡ್ಡ ಪ್ರಿಂಟ್‌ಗೆ ಮುಂಚೆ ಒಂದು 4x6 ಹಾಕಿಸಿ, ಅದೇ ಟ್ಯೂಬ್‌ಲೈಟ್ ಕೆಳಗೆ ಸ್ಕ್ರೀನ್ ಪಕ್ಕ ಹಿಡಿದು ನೋಡಿ. ಆಗಲೂ ಹೊಂದದಿದ್ದರೆ ಅಂಗಡಿಯವರನ್ನ ಕೇಳೋಣ.